ಗೋಡೌನಿನ ಕ್ಯಾಮೆರಾಗೆ ಹೊರಟ ಪ್ಯಾಕೆಟ್ ದಾರಿಯಲ್ಲೇ ಸುತ್ತುತ್ತಿತ್ತು | ತುಮಕೂರು ವ್ಲಾಗ್

ಬೆಳಿಗ್ಗೆ ಎಂಟೂವರೆ. ಬಿ.ಎಚ್. ರಸ್ತೆಯಲ್ಲಿ ತಟ್ಟೆ ಇಡ್ಲಿ ಮುಂದಿಟ್ಕೊಂಡು ಕೂತಿದ್ದೆ, ಹುಣಸೆಹಣ್ಣಿನ ವ್ಯಾಪಾರಿಯೊಬ್ಬರ ಫೋನು. "ಸಾರ್, ಅಂತರಸನಹಳ್ಳಿ ಗೋಡೌನಿನ ಕ್ಯಾಮೆರಾ ಒಂದೂ ಬರ್ತಿಲ್ಲ. ಅಲ್ಲಿನ ಬಿಲ್ಲಿಂಗ್ ಕಂಪ್ಯೂಟರ್ ಮಾತ್ರ ಚೆನ್ನಾಗೇ ನಡೀತಿದೆ." ಆ ಎರಡನೇ ಮಾತು ನನಗೆ ಬಹಳ ಮುಖ್ಯ. ಬಿಲ್ಲಿಂಗ್ ನಡೀತಿದೆ ಅಂದ್ರೆ ಆಫೀಸಿಗೂ ಗೋಡೌನಿಗೂ ನಡುವಿನ ರೇಡಿಯೊ ಲಿಂಕ್ ಸರಿಯಾಗಿದೆ.

ಈಗ ಅವರ ಆಫೀಸಲ್ಲಿದ್ದೀನಿ. ಲ್ಯಾಪ್‌ಟಾಪಿನಿಂದ ಒಂದು ಕ್ಯಾಮೆರಾಗೆ ಟ್ರೇಸ್‌ರೂಟ್ ಕೊಟ್ಟೆ, ಪ್ಯಾಕೆಟ್ ಯಾವ ಯಾವ ರೂಟರ್ ದಾಟಿ ಹೋಗುತ್ತೆ ಅಂತ ತೋರಿಸೋ ಕಮಾಂಡು. ಪರದೆ ನೋಡಿ.

```
$ traceroute -n -q 1 10.20.9.15
 1  192.168.1.1  0.4 ms
 2  10.20.0.2    3.1 ms
 3  10.20.0.1    3.2 ms
 4  10.20.0.2    6.1 ms
 5  10.20.0.1    6.3 ms
 6  10.20.0.2    9.2 ms
```

ಹೀಗೇ ಮೂವತ್ತನೇ ಸಾಲಿನ ತನಕ. ಕ್ಯಾಮೆರಾ ಮಾತ್ರ ಕೆಟ್ಟಿದ್ರೆ ಗೋಡೌನಿನ ರೂಟರ್ ಆದ್ಮೇಲೆ ಬರೀ ನಕ್ಷತ್ರ ಚಿಹ್ನೆಗಳು ಬರಬೇಕಿತ್ತು. ಇಲ್ಲಿ ಅದೇ ಎರಡು ವಿಳಾಸ ಒಂದಾದ ಮೇಲೊಂದು ಬರ್ತಿವೆ.

ಪ್ರತಿ ಪ್ಯಾಕೆಟ್ಟಿಗೂ ಟಿಟಿಎಲ್ ಅಂತ ಒಂದು ಸಂಖ್ಯೆ ಇರುತ್ತೆ, ಒಂದೊಂದು ರೂಟರ್ ದಾಟಿದಾಗ್ಲೂ ಅದು ಒಂದೊಂದು ಕಮ್ಮಿ ಆಗುತ್ತೆ. ಸೊನ್ನೆ ಆದ ಜಾಗದ ರೂಟರ್ ಪ್ಯಾಕೆಟ್ಟನ್ನ ಬಿಸಾಕಿ, "ಆಯಸ್ಸು ಮುಗೀತು" ಅಂತ ಕಳಿಸಿದವರಿಗೆ ಹೇಳಿ ಕಳಿಸುತ್ತೆ. ಟ್ರೇಸ್‌ರೂಟ್ ಬೇಕಂತಲೇ ಟಿಟಿಎಲ್ 1, ಆಮೇಲೆ 2, ಆಮೇಲೆ 3 ಅಂತ ಇಟ್ಟು ಕಳಿಸಿ, ಯಾರು ಉತ್ತರ ಕೊಡ್ತಾರೆ ಅಂತ ಬರ್ಕೊಳ್ಳುತ್ತೆ. ಮೂವತ್ತಕ್ಕೆ ನಿಂತಿದ್ದು ಆ ಕಮಾಂಡಿನ ಮಿತಿಯಿಂದ. ಲಿನಕ್ಸ್‌ನಿಂದ ಸಾಮಾನ್ಯವಾಗಿ ಹೊರಡೋ ಪ್ಯಾಕೆಟ್ಟಿಗೆ ಟಿಟಿಎಲ್ 64 ಇರುತ್ತೆ. ಅಂದ್ರೆ ಕ್ಯಾಮೆರಾ ಹುಡುಕೋ ಒಂದೊಂದು ಪ್ಯಾಕೆಟ್ಟೂ ಈ ರೇಡಿಯೊ ಲಿಂಕನ್ನ 63 ಸಲ ದಾಟಿ ಸಾಯ್ತಿದೆ.

ಇನ್ನೊಂದು ವಿಷಯ. ಮೊದಲ ಸಾಲಿನ 192.168.1.1, ಮೂರನೇ ಸಾಲಿನ 10.20.0.1, ಎರಡೂ ಒಂದೇ ರೂಟರ್, ಈ ಆಫೀಸಿಂದು. ಪ್ಯಾಕೆಟ್ ಯಾವ ಪೋರ್ಟಿಂದ ಒಳಗೆ ಬಂತೋ ಆ ಪೋರ್ಟಿನ ವಿಳಾಸದಿಂದ ಇದು ಉತ್ತರ ಕೊಡುತ್ತೆ. ಮೊದಲ ಸಲ ನನ್ನ ಕಡೆಯಿಂದ ಹೋಗಿತ್ತು, ಮೂರನೇ ಸಲ ಗೋಡೌನಿನ ಕಡೆಯಿಂದ ವಾಪಸ್ ಬಂದಿದೆ. ಸಮಯವೂ ಅದನ್ನೇ ಹೇಳುತ್ತೆ: 3, 3, 6, 6, ಜೋಡಿ ಜೋಡಿಯಾಗಿ ಮೆಟ್ಟಿಲು. ಎರಡನೇ ಸಾಲಲ್ಲಿ ಪ್ಯಾಕೆಟ್ ಗೋಡೌನಿಗೆ ಹೋಯ್ತು, ಉತ್ತರ ಲಿಂಕ್ ದಾಟಿ ಬಂತು. ಮೂರನೇ ಸಾಲಲ್ಲಿ ಪ್ಯಾಕೆಟ್ಟೇ ಹೋಗಿ ವಾಪಸ್ ಬಂದು ಇಲ್ಲೇ ಸತ್ತಿತು. ಎರಡಕ್ಕೂ ಲಿಂಕ್ ದಾಟಿದ್ದು ಎರಡೇ ಸಲ.

ಸುತ್ತು ಈ ಇಬ್ಬರ ನಡುವೆಯೇ ಅನ್ನೋದು ಖಚಿತ. ಆದ್ರೆ ತಪ್ಪು ಯಾರದು ಅಂತ ಟ್ರೇಸ್‌ರೂಟ್ ಹೇಳಲ್ಲ. ಅದಕ್ಕೆ ಎರಡೂ ರೂಟರ್‌ಗೆ ಲಾಗಿನ್ ಆಗಿ ಒಂದೇ ಪ್ರಶ್ನೆ ಕೇಳಬೇಕು:

```
show ip cef 10.20.9.15
```

ಆಫೀಸಿನ ರೂಟರ್ "10.20.0.2ಗೆ ಕಳಿಸ್ತೀನಿ" ಅಂತು. ಸರಿ, 10.20.8.0/22, ಅಂದ್ರೆ 10.20.8.0ಯಿಂದ 10.20.11.255ರ ತನಕ ಪೂರ್ತಿ ಗೋಡೌನಿಗೆ ಕೊಟ್ಟಿರೋದು. ಗೋಡೌನಿನ ರೂಟರ್ ಮಾತ್ರ "0.0.0.0/0, 10.20.0.1ಗೆ" ಅಂತು. ಡಿಫಾಲ್ಟ್ ರೂಟ್! ತನ್ನ ಮನೆಯಲ್ಲೇ ಇರಬೇಕಾದ ಕ್ಯಾಮೆರಾನ ಗೊತ್ತಿಲ್ಲದ ವಿಳಾಸ ಅಂದ್ಕೊಂಡು ಆಫೀಸಿಗೇ ವಾಪಸ್ ಕಳಿಸ್ತಿದೆ.

ಯಾಕೆ ಮರೀತು ಅಂತ ನೋಡೋಕೆ ಗೋಡೌನಿಗೆ ಬಂದೆ. ಹುಣಸೆ ಸೀಸನ್ನು, ಒಳಗೆ ಕಾಲಿಟ್ರೆ ಹುಳಿ ವಾಸನೆ. ಮೂಲೆಯಲ್ಲಿ ಕ್ಯಾಮೆರಾಗಳ ನೆಟ್‌ವರ್ಕ್ ಸ್ವಿಚ್ಚು, ಒಂದು ದೀಪವೂ ಉರೀತಿಲ್ಲ. ಹಮಾಲಿ ಅಣ್ಣ ಹೇಳಿದ್ರು, "ರಾತ್ರಿ ತೂಕದ ಮಿಷನ್ನಿಗೆ ಪ್ಲಗ್ ಬೇಕಿತ್ತು ಸಾರ್, ಅದನ್ನ ತೆಗೆದ್ವಿ." ಸ್ವಿಚ್ ಆರಿದ್ದಕ್ಕೆ ರೂಟರಿನ ಆ ಪೋರ್ಟ್ ಡೌನ್ ಆಯ್ತು. ಪೋರ್ಟ್ ಡೌನ್ ಆದ್ರೆ 10.20.9.0/24 ಅನ್ನೋ ಸಾಲು ರೂಟಿಂಗ್ ಟೇಬಲ್ಲಿಂದಲೇ ಮಾಯ. ಉಳಿದದ್ದು ಡಿಫಾಲ್ಟ್ ಒಂದೇ.

ಪ್ಲಗ್ ಹಾಕಿದ್ರೆ ಇವತ್ತಿನ ಕೆಲಸ ಆಯ್ತು, ಆದ್ರೆ ಮುಂದಿನ ಸಲ ಸ್ವಿಚ್ ಆರಿದಾಗ ಮತ್ತೆ ಸುತ್ತು ಶುರು. ಹಾಗಾಗಿ ಮೊದಲು ಗೋಡೌನಿನ ರೂಟರಿಗೆ ಈ ಸಾಲು:

```
ip route 10.20.8.0 255.255.252.0 Null0
```

ಈ /22ರಲ್ಲಿ ನನ್ನ ಹತ್ರ ಇಲ್ಲದ್ದು ಬಂದ್ರೆ ವಾಪಸ್ ಕಳಿಸಬೇಡ, ಇಲ್ಲೇ ಬಿಸಾಕು ಅಂತ. ಕ್ಯಾಮೆರಾ ಕೆಲಸ ಮಾಡುವಾಗ ಇದರಿಂದ ಅಡ್ಡಿ ಇಲ್ಲ. ರೂಟರ್ ಯಾವಾಗ್ಲೂ ಹೆಚ್ಚು ನಿರ್ದಿಷ್ಟ ಸಾಲನ್ನೇ ಆರಿಸುತ್ತೆ, /22ಗಿಂತ /24 ನಿರ್ದಿಷ್ಟ. ಈ ಸಾಲನ್ನ ನೆಟ್‌ವರ್ಕ್ ಕಟ್ಟಿದ ದಿನವೇ ಹಾಕಬೇಕಿತ್ತು.

ಸ್ವಿಚ್ ಇನ್ನೂ ಆಫ್ ಇರುವಾಗಲೇ ಆಫೀಸಿನ ಹುಡುಗನಿಗೆ ಫೋನ್ ಮಾಡಿ ಟ್ರೇಸ್‌ರೂಟ್ ಓಡಿಸು ಅಂದೆ. "ಅಣ್ಣ, ಎರಡನೇ ಸಾಲಿಗೇ ನಿಂತೋಯ್ತು. ಪಕ್ಕದಲ್ಲಿ `!H` ಅಂತ ಬಂದಿದೆ." ಗೋಡೌನಿನ ರೂಟರ್ ಈಗ ನೇರವಾಗಿ "ಆ ವಿಳಾಸಕ್ಕೆ ದಾರಿ ಇಲ್ಲ" ಅಂತಿದೆ.

ಈಗ ಪ್ಲಗ್ ಹಾಕ್ತೀನಿ. ದೀಪಗಳು ಹತ್ಕೊಂಡ್ವು. ಎರಡು ನಿಮಿಷ ಬಿಟ್ಟು ಅವನೇ ಫೋನ್ ಮಾಡಿದ. "ಅಣ್ಣ, ತೂಕದ ಮಿಷನ್ ಪಕ್ಕ ನೀವು ನಿಂತಿರೋದು ಕಾಣ್ತಿದೆ."