ಸಮುದ್ರಕ್ಕೆ ನೀಲಿ ತುಂಬುವಾಗ ಉಕ್ಕಿದ ಸ್ಟ್ಯಾಕ್

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇಲ್ಲೇ ಕಾರವಾರದ ಒಬ್ಬ ವಿದ್ಯಾರ್ಥಿನಿ ತಾನು ಬರೆದ ಸಿ ಪ್ರೋಗ್ರಾಂ ಹಿಡಿದು ಬಂದಿದ್ದಳು. ಕಾಳಿ ನದಿ ಕಡಲು ಸೇರುವ ಜಾಗದ ನಕಾಶೆ. ಕೂರ್ಮಗಡ ದ್ವೀಪವನ್ನೂ ದಂಡೆಯನ್ನೂ ಬಿಟ್ಟು ನೀರಿಗಷ್ಟೇ ನೀಲಿ ತುಂಬಬೇಕು. "ಸರ್, ಸಣ್ಣ ನಕಾಶೆಗೆ ಸರಿಯಾಗೇ ತುಂಬ್ತದೆ. ದೊಡ್ಡದು ಕೊಟ್ರೆ `Segmentation fault` ಅಂತ ಬಂದು ನಿಂತೇ ಹೋಗ್ತದೆ" ಅಂದಳು. ಇವತ್ತು ಆ ಒಂದು ಫಂಕ್ಷನ್ನನ್ನೇ ಬಿಚ್ಚಿ ನೋಡೋಣ.

```c
void tumbu(int x, int y) {
  if (x<0 || x>=N || y<0 || y>=N || g[y][x]) return;
  g[y][x] = 1;
  tumbu(x+1, y);
  tumbu(x-1, y);
  tumbu(x, y-1);
  tumbu(x, y+1);
}
```

`g` ಅಂದರೆ N×N ನಕಾಶೆ; ಅದರಲ್ಲಿ 0 ಇದ್ದರೆ ಇನ್ನೂ ತುಂಬದ ನೀರು, `y` ಎಣಿಕೆ ಮೇಲಿನಿಂದ ಕೆಳಕ್ಕೆ. ಈ ಫಂಕ್ಷನ್ ತನ್ನನ್ನೇ ನಾಲ್ಕು ಕಡೆಯಿಂದ ಕರೆಯುತ್ತದೆ: ಬಲಕ್ಕೆ, ಎಡಕ್ಕೆ, ಮೇಲಕ್ಕೆ, ಕೆಳಕ್ಕೆ. ಬಲಕ್ಕೆ ಹೋದ ಕರೆ ಮುಗಿದಾಗ ಎಡಕ್ಕೆ ಹೋಗಬೇಕು ಅನ್ನುವುದು ಎಲ್ಲಿ ನೆನಪಿರುತ್ತದೆ? ಕೋಡಿನಲ್ಲಿ ಅದಕ್ಕೆಂದು ಯಾವ ವೇರಿಯಬಲ್ಲೂ ಇಲ್ಲ. ಆ ನೆನಪೇ ರಿಟರ್ನ್ ಅಡ್ರೆಸ್. `call` ಸೂಚನೆ ನಡೆದಾಗ ಪ್ರೊಸೆಸರ್ ಅದರ ಮುಂದಿನ ಸೂಚನೆಯ ವಿಳಾಸವನ್ನು ಸ್ಟ್ಯಾಕ್ ಮೇಲಿಟ್ಟು ಫಂಕ್ಷನ್ನಿನ ತಲೆಗೆ ಹೋಗುತ್ತದೆ. ಕೊನೆಯಲ್ಲಿ `ret` ಅದೇ ವಿಳಾಸವನ್ನು ಎತ್ತಿಕೊಂಡು ಅಲ್ಲಿಗೆ ಹಿಂದಿರುಗುತ್ತದೆ. ನಾಲ್ಕು ಕರೆಗಳಿಗೆ ನಾಲ್ಕು ಬೇರೆ ಬೇರೆ ವಿಳಾಸ. ಯಾವ ದಿಕ್ಕು ಮುಗಿಯಿತು, ಯಾವುದು ಬಾಕಿ ಅನ್ನುವ ಲೆಕ್ಕ ಇಷ್ಟರಲ್ಲೇ ಅಡಗಿದೆ.

ಒಂದು ಕರೆ ಸ್ಟ್ಯಾಕ್ ಮೇಲೆ ಹಿಡಿಯುವ ತುಂಡೇ ಫ್ರೇಮ್. ಈಗ ಒಂದು ಫ್ರೇಮ್ ಎಷ್ಟು ಜಾಗ ತಿನ್ನುತ್ತದೆ ನೋಡೋಣ. 64 ಬಿಟ್ ಲಿನಕ್ಸ್ ಯಂತ್ರ, `gcc -O0`. ರಿಟರ್ನ್ ಅಡ್ರೆಸ್‌ಗೆ 8 ಬೈಟ್. ಕರೆದವರ `rbp` ರಿಜಿಸ್ಟರ್ ಉಳಿಸಿಡಲು ಇನ್ನೊಂದು 8. `x`, `y` ಎರಡಕ್ಕೂ ಸೇರಿ 8 ಬೈಟ್ ಸಾಕು, ಆದರೆ ಸ್ಟ್ಯಾಕ್ 16ರ ಗುಣಕದಲ್ಲಿ ಕೂರಬೇಕಾದ್ದರಿಂದ ಕಂಪೈಲರ್ 16 ಬೈಟ್ ಬಿಡುತ್ತದೆ. ಒಟ್ಟು 32. ಬಹಳ ಸಣ್ಣದು, ಅಲ್ಲವೇ?

ದ್ವೀಪ, ದಂಡೆ ಎರಡನ್ನೂ ತೆಗೆದು, ಪೂರ್ತಿ ನೀರೇ ಇರುವ ಒಂದು ಚೌಕ ಇಟ್ಟುಕೊಳ್ಳಿ. ಕೆಳಗಿನ ಎಡಮೂಲೆಯಿಂದ ಶುರು. ಫಂಕ್ಷನ್ ಬಲಕ್ಕೆ, ಬಲಕ್ಕೆ ಹೋಗಿ ಅಂಚು ಮುಟ್ಟುತ್ತದೆ. ಅಲ್ಲಿ ಬಲಕ್ಕೆ ಜಾಗವಿಲ್ಲ, ಎಡಕ್ಕೆ ಆಗಲೇ ತುಂಬಿದೆ; ಹಾಗಾಗಿ ಒಂದು ಪಿಕ್ಸೆಲ್ ಮೇಲೆ ಹತ್ತುತ್ತದೆ. ಆ ಸಾಲಿನಲ್ಲಿ ಎಡಕ್ಕೆ ಪೂರ್ತಿ ಹೋಗಿ, ಮತ್ತೆ ಮೇಲೆ, ಮತ್ತೆ ಬಲಕ್ಕೆ. ಗದ್ದೆ ಉಳುವ ಎತ್ತುಗಳ ಹಾಗೆ ಸಾಲು ಸಾಲಾಗಿ ತಿರುಗುತ್ತಾ ಹೋಗುತ್ತದೆ. ಇಲ್ಲಿ ಗಮನಿಸಬೇಕಾದ್ದು ಇದು: ಪಿಕ್ಸೆಲ್ ತುಂಬಿದ ಯಾವ ಕರೆಯೂ ಇನ್ನೂ ಹಿಂದಿರುಗಿಲ್ಲ. ಕೊನೆಯ ಪಿಕ್ಸೆಲ್ ತುಂಬುವ ಹೊತ್ತಿಗೆ ಎಷ್ಟು ಪಿಕ್ಸೆಲ್ ಇವೆಯೋ ಅಷ್ಟೂ ಫ್ರೇಮ್‌ಗಳು ಸ್ಟ್ಯಾಕ್ ಮೇಲೆ ತೆರೆದೇ ಇರುತ್ತವೆ.

500×500 ಅಂದರೆ 2,50,000 ಫ್ರೇಮ್, 80 ಲಕ್ಷ ಬೈಟ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟ್ಯಾಕ್ ಮಿತಿ 8 ಎಂಬಿ, ಅಂದರೆ 83,88,608 ಬೈಟ್. ಕೂದಲೆಳೆಯಲ್ಲಿ ಪಾರು. 512×512 ಕೊಟ್ಟರೆ 2,62,144 ಫ್ರೇಮ್. 32ರಿಂದ ಗುಣಿಸಿದರೆ ಸರಿಯಾಗಿ 83,88,608! ಆದರೆ `main`ನ ಫ್ರೇಮ್, ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಅದೇ ಜಾಗದಲ್ಲಿ ಮೊದಲೇ ಕೂತಿರುವುದರಿಂದ ಇದು ಹಿಡಿಸುವುದಿಲ್ಲ. ಈ ಲೆಕ್ಕ ಕೈಯಾರೆ ಮಾಡಿದಾಗ ನನಗಾದ ಖುಷಿ ಇವತ್ತಿಗೂ ಹಾಗೇ ಇದೆ. ವಿಂಡೋಸ್‌ನಲ್ಲಿ ಮಿತಿ ಸಾಮಾನ್ಯವಾಗಿ 1 ಎಂಬಿ, ಅಲ್ಲಿ 200×200 ಕೂಡ ದಾಟದು.

ಮಿತಿ ಮೀರಿದ ಕ್ಷಣದಲ್ಲಿ ನಡೆಯುವುದೇನು? ಸ್ಟ್ಯಾಕ್ ಕೆಳಗಿನ ವಿಳಾಸಗಳ ಕಡೆಗೆ ಬೆಳೆಯುತ್ತದೆ. ಹೊಸ ಪುಟ ಬೇಕಾದಾಗೆಲ್ಲ ಕರ್ನಲ್ ಕೊಡುತ್ತಾ ಬರುತ್ತದೆ, ಮಿತಿ ಮುಟ್ಟಿದ ಮೇಲೆ ಕೊಡುವುದಿಲ್ಲ. ಆಗ ಸ್ಟ್ಯಾಕ್‌ಗೆ ಬರೆಯಲು ಹೋದ `call` ಅಥವಾ `push` ಸೂಚನೆ ಅಲ್ಲೇ ಬೀಳುತ್ತದೆ. ಕೆಟ್ಟ ಪಾಯಿಂಟರ್‌ನಿಂದಲೂ ಇದೇ `Segmentation fault` ಸಂದೇಶ ಬರುವುದರಿಂದ ಗುರುತಿಸುವುದು ಮುಖ್ಯ. `gdb`ಯಲ್ಲಿ `bt -5` ಕೊಡಿ. ಮೊದಲು ತೆರೆದ ಐದು ಫ್ರೇಮ್ ತೋರಿಸುತ್ತದೆ. ಅವುಗಳ ಮುಂದಿನ ಸಂಖ್ಯೆ ಲಕ್ಷಗಳಲ್ಲಿದ್ದರೆ ಆಳ ಹೆಚ್ಚಾಗಿದೆ ಎಂದೇ ಅರ್ಥ. ಆಮೇಲೆ ಅದೇ ಟರ್ಮಿನಲ್‌ನಲ್ಲಿ `ulimit -s 16384` ಕೊಟ್ಟು ಮತ್ತೆ ಓಡಿಸಿ. 600×600ಕ್ಕೆ ಬೇಕಾದ್ದು 1,15,20,000 ಬೈಟ್, 16 ಎಂಬಿಯೊಳಗೆ ಬರುತ್ತದೆ, ಓಡುತ್ತದೆ. ನಿಲ್ಲುವ ಷರತ್ತೇ ತಪ್ಪಿದ್ದರೆ ಎಷ್ಟು ಕೊಟ್ಟರೂ ಬೀಳುತ್ತದೆ.

ಮಿತಿ ಹೆಚ್ಚಿಸಿ ಸುಮ್ಮನಾಗಬೇಡ ಎಂದು ಆ ಹುಡುಗಿಗೆ ಹೇಳಿದೆ. ಮುಂದಿನ ನಕಾಶೆ ಇನ್ನೂ ದೊಡ್ಡದಿರುತ್ತದೆ. ಅವಳು `malloc`ನಿಂದ ಒಂದು ಪಟ್ಟಿ ಪಡೆದು, ತುಂಬಬೇಕಾದ ಪಿಕ್ಸೆಲ್‌ಗಳ `x`, `y` ಮಾತ್ರ ಅದರಲ್ಲಿಟ್ಟು, ಒಂದು `while` ಲೂಪ್‌ನಲ್ಲಿ ಒಂದೊಂದಾಗಿ ತೆಗೆದಳು. ಒಂದು ಪಿಕ್ಸೆಲ್ ತೆಗೆದಾಗ ಅದರ ನಾಲ್ಕೂ ನೆರೆಯವನ್ನು ಒಟ್ಟಿಗೇ ನೋಡುವುದರಿಂದ ಯಾವ ದಿಕ್ಕು ಬಾಕಿ ಎಂದು ನೆನಪಿಡಬೇಕಿಲ್ಲ, ರಿಟರ್ನ್ ಅಡ್ರೆಸ್ಸೇ ಬೇಡ. ಪಿಕ್ಸೆಲ್‌ಗೆ 8 ಬೈಟ್. ಒಂದು ಎಚ್ಚರ ಮಾತ್ರ: ಪಟ್ಟಿಗೆ ಹಾಕುವಾಗಲೇ ನೀಲಿ ಎಂದು ಗುರುತು ಮಾಡಬೇಕು, ತೆಗೆಯುವಾಗ ಅಲ್ಲ. ಇಲ್ಲದಿದ್ದರೆ ಒಂದೇ ಪಿಕ್ಸೆಲ್ ಬೇರೆ ಬೇರೆ ನೆರೆಯವರಿಂದ ಮತ್ತೆ ಮತ್ತೆ ಸೇರಿ ಪಟ್ಟಿಯೇ ಊದಿಕೊಳ್ಳುತ್ತದೆ. ಅವಳು ಮೊದಲ ಸಲ ಮಾಡಿದ್ದೂ ಅದನ್ನೇ. ತಿದ್ದಿದ ಮೇಲೆ 600×600 ಚೌಕಕ್ಕೆ ಪಟ್ಟಿ ಯಾವತ್ತೂ 28,80,000 ಬೈಟ್ ಮೀರುವುದಿಲ್ಲ.