ಅಳಿಸಿದ ನೆನಪು ತಂಬುಟ್ಟಿನಲ್ಲಿ ಸಿಕ್ಕಿತು

ನಮಸ್ಕಾರ. ವಿರಾಜಪೇಟೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅಲ್ಲಿನ ಟ್ಯಾಬ್‌ನಲ್ಲಿ ಒಂದು ಎಐ ಚಾಟ್ ಟೂಲ್ ಇದೆ. ನಾನೂ ಬಳಸುತ್ತೇನೆ, ಕೆಲಸದವರೂ ಬಳಸುತ್ತಾರೆ. ಮಳೆಗಾಲದಲ್ಲಿ ಅಡುಗೆ ವಿಷಯ ಕೇಳುವಾಗ, ಅಮ್ಮನಿಗೆ ಸಕ್ಕರೆ ಕಾಯಿಲೆ ಅಂತ ಅದರಲ್ಲಿ ಬರೆದಿದ್ದೆ. ನಾವು ಹೇಳಿದ್ದನ್ನು ಮುಂದಿನ ಚಾಟ್‌ಗಳಿಗೂ ನೆನಪಿಟ್ಟುಕೊಳ್ಳುವ ಅದರ ಮೆಮೊರಿಗೆ ಆ ವಿಷಯ ಸೇರಿಕೊಂಡಿತ್ತು. ಅಮ್ಮನಿಗೆ ಗೊತ್ತಾಗಿ ಬೇಸರವಾಯಿತು. "ನನ್ನ ಕಾಯಿಲೆ ಊರಿಗೆಲ್ಲ ಯಾಕೆ? ತೆಗೆದುಬಿಡು" ಅಂದರು. ಸೆಟ್ಟಿಂಗ್ಸ್‌ಗೆ ಹೋಗಿ ಆ ಸಾಲನ್ನು ಅಳಿಸಿದೆ.

ನಿಜಕ್ಕೂ ಹೋಯಿತಾ? ಹಳೆಯ ಚಾಟ್‌ನಲ್ಲೇ ಕೇಳಿದರೆ ಪ್ರಯೋಜನವಿಲ್ಲ. ಮೇಲೆ ಬರೆದದ್ದು ಅದರ ಕಣ್ಣೆದುರೇ ಇರುತ್ತದೆ. ಹೊಸ ಚಾಟ್ ಬೇಕು. ಅಲ್ಲೂ "ಅಮ್ಮನಿಗೆ ಸಕ್ಕರೆ ಕಾಯಿಲೆ ಇರೋದು ನೆನಪಿದೆಯಾ" ಅಂತ ಕೇಳಬೇಡಿ. ಉತ್ತರವನ್ನು ನೀವೇ ಹೇಳಿಕೊಟ್ಟ ಹಾಗಾಯಿತು, ಅಲ್ವಾ? ಆ ಪ್ರಶ್ನೆಯಿಂದಲೇ ವಿಷಯ ಮತ್ತೆ ಮೆಮೊರಿಗೆ ಸೇರಬಹುದು. "ನನಗೆ ನೆನಪಿಲ್ಲ" ಅಂತ ಅದು ಹೇಳಿದರೂ ನಾನು ಒಪ್ಪುವುದಿಲ್ಲ. ನೆನಪು ಇದ್ದರೆ ತಾನಾಗಿ ಹೊರಬರುವಂಥ ಪ್ರಶ್ನೆ ಕೇಳಬೇಕು.

ನಾನು ಕೇಳಿದ್ದು ಇಷ್ಟೇ: "ಪುತ್ತರಿ ಹಬ್ಬಕ್ಕೆ ನಮ್ಮ ಮನೆಯವರಿಗೆಲ್ಲ ಏನೇನು ಅಡುಗೆ ಮಾಡಲಿ?" ಪಟ್ಟಿ ಬಂತು. ತಂಬುಟ್ಟು ಅನ್ನುವ ಬಾಳೆಹಣ್ಣಿನ ಸಿಹಿತಿನಿಸಿನ ಪಕ್ಕದಲ್ಲಿ, "ಅಮ್ಮನಿಗೆ ಸ್ವಲ್ಪವೇ ಬಡಿಸಿ, ಬಾಳೆಹಣ್ಣಿನಿಂದ ಸಕ್ಕರೆ ಏರುತ್ತದೆ" ಅಂತ ಇತ್ತು. ಎದೆ ಧಸಕ್ ಅಂತು. ವಯಸ್ಸಾದವರಿಗೆ ಸಿಹಿ ಕಡಿಮೆ ಅಂತ ಸುಮ್ನೆ ಊಹಿಸಿದ್ದರೆ ಬೇರೆ ಮಾತು. ಆದರೆ ನಾನು ಅಮ್ಮನ ಹೆಸರೇ ಎತ್ತಿರಲಿಲ್ಲ.

ಮೆಮೊರಿ ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ. ಆದರೆ ಹಳೆಯ ಚಾಟ್‌ಗಳನ್ನೂ ನೋಡಿ ಉತ್ತರಿಸುವ ಸೆಟ್ಟಿಂಗ್ ಆನ್ ಆಗಿತ್ತು. ಮಳೆಗಾಲದ ಆ ಚಾಟ್ ಹಾಗೇ ಉಳಿದಿತ್ತು. ಅದನ್ನೂ ಅಳಿಸಿದೆ. ಪುತ್ತರಿ ಕೇಳಿದ ಚಾಟ್‌ನಲ್ಲೂ ವಿಷಯ ಬಂದುಬಿಟ್ಟಿತ್ತಲ್ಲ, ಅದನ್ನೂ ಅಳಿಸಿದೆ. ನಮ್ಮ ಬಗ್ಗೆ ನಾವೇ ಬರೆದಿಡುವ ಸೂಚನೆಗಳ ಪುಟವನ್ನೂ ನೋಡಿದೆ, ಅಲ್ಲಿ ಏನೂ ಇರಲಿಲ್ಲ.

ಮತ್ತೆ ಪರೀಕ್ಷೆ. ಈಗ ಹೇಳುವುದೇ ಜಾಸ್ತಿ ಜನ ಮಾಡದ ಕೆಲಸ. ಮೆಮೊರಿಯಲ್ಲಿ ಒಂದು ನಿರುಪದ್ರವಿ ವಿಷಯವನ್ನು ಬೇಕೆಂದೇ ಉಳಿಸಿಕೊಂಡಿದ್ದೆ: ನಮ್ಮ ತೋಟದಲ್ಲಿರುವುದು ರೋಬಸ್ಟಾ ಕಾಫಿ. ಹೊಸ ಚಾಟ್‌ನಲ್ಲಿ ಮೊದಲು "ನಮ್ಮ ತೋಟಕ್ಕೆ ಈ ತಿಂಗಳು ಏನು ಕೆಲಸ?" ಅಂದೆ. ರೋಬಸ್ಟಾ ಅಂತಲೇ ಹಿಡಿದು ಉತ್ತರಿಸಿತು. ಅಂದರೆ ಮೆಮೊರಿ ಕೆಲಸ ಮಾಡುತ್ತಿದೆ. ಆಮೇಲೆ ಊಟದ ಪ್ರಶ್ನೆ. ಅಮ್ಮನ ಸುದ್ದಿ ಬರಲಿಲ್ಲ. ರೋಬಸ್ಟಾ ಕೂಡ ಗೊತ್ತಿಲ್ಲದಿದ್ದರೆ ಆ ಪರೀಕ್ಷೆಗೆ ಬೆಲೆಯೇ ಇಲ್ಲ. ಮೆಮೊರಿಯೇ ಆಫ್ ಆಗಿರಬಹುದು, ಅಥವಾ ಮೆಮೊರಿ ಬಳಸದ ತಾತ್ಕಾಲಿಕ ಚಾಟ್ ತೆರೆದಿರಬಹುದು. ಆಗ ಎಲ್ಲವೂ ಅಳಿಸಿದ ಹಾಗೇ ಕಾಣುತ್ತದೆ.

ಒಂದು ಸಲ ಬರಲಿಲ್ಲ ಅಂತ ಬಿಡಲಿಲ್ಲ, ಉತ್ತರ ಪ್ರತಿ ಸಲ ಬದಲಾಗುತ್ತದೆ. ಮರುದಿನ ಇನ್ನೆರಡು ಹೊಸ ಚಾಟ್ ತೆರೆದು, ಅಮ್ಮನ ಬೆಳಗಿನ ತಿಂಡಿ, ಮೈಸೂರು ಪ್ರಯಾಣಕ್ಕೆ ಅವರ ಬ್ಯಾಗ್, ಎರಡನ್ನೂ ಕೇಳಿದೆ. ಮಾತ್ರೆಯ ಮಾತೂ ಇಲ್ಲ, ಸಕ್ಕರೆಯ ಮಾತೂ ಇಲ್ಲ.

ಇದರಿಂದ ಗೊತ್ತಾಗುವುದು, ಟೂಲ್ ಆ ವಿಷಯವನ್ನು ಈಗ ಬಳಸುತ್ತಿಲ್ಲ ಅನ್ನುವುದಷ್ಟೇ. ಕಂಪನಿಯ ಸರ್ವರ್‌ನಿಂದ ಯಾವಾಗ ಹೋಗುತ್ತದೆ ಅನ್ನುವುದು ಚಾಟ್‌ನಲ್ಲಿ ಕೇಳಿದರೆ ತಿಳಿಯುವುದಿಲ್ಲ. ಅದಕ್ಕೆ ಅವರ ಪ್ರೈವಸಿ ಪುಟ ಓದಬೇಕು. ಅಮ್ಮನಿಗೂ ಇದನ್ನು ಹೀಗೇ, ಮುಚ್ಚುಮರೆ ಇಲ್ಲದೆ ಹೇಳಿದೆ.