ಸಿಕ್ಕ ಮೇಲೆ ನಿಲ್ಲಿಸಿ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ಒಂದು ಹಾಳೆ, ಪೆನ್ನು ತಗೊಳ್ಳಿ. ಮೇಲೆ 50 ಬರೆಯಿರಿ. ಅದರ ಕೆಳಗೆ ಎಡಕ್ಕೆ 30, ಬಲಕ್ಕೆ 70. 30ರ ಕೆಳಗೆ ಎಡಕ್ಕೆ 20, ಬಲಕ್ಕೆ 40. 70ರ ಕೆಳಗೆ 60 ಮತ್ತು 80. ಇದು ಬೈನರಿ ಸರ್ಚ್ ಟ್ರೀ. ಯಾವ ನೋಡ್ ತಗೊಂಡರೂ ಅದಕ್ಕಿಂತ ಚಿಕ್ಕವು ಎಡಕ್ಕೆ, ದೊಡ್ಡವು ಬಲಕ್ಕೆ.

ಇದರಲ್ಲಿ ಮೂರನೇ ಚಿಕ್ಕ ಸಂಖ್ಯೆ ಬೇಕು ಅಂದುಕೊಳ್ಳಿ. ಇನ್‌ಆರ್ಡರ್‌ನಲ್ಲಿ ಹೋಗಿ: ಮೊದಲು ಎಡಭಾಗ, ಆಮೇಲೆ ಆ ನೋಡ್, ಆಮೇಲೆ ಬಲಭಾಗ. ಆಗ ಸಂಖ್ಯೆಗಳು ಏರಿಕೆ ಕ್ರಮದಲ್ಲೇ ಬರುತ್ತವೆ. 20 ಒಂದು, 30 ಎರಡು, 40 ಮೂರು. ಸಿಕ್ಕಿತು, ನಿಲ್ಲಿಸಿ. 70ರ ಕಡೆ ಹೋಗುವ ಕೆಲಸವೇ ಇಲ್ಲ.

ಈ ನಿಲ್ಲಿಸುವುದರಲ್ಲೇ ಎಡವಟ್ಟಾಗುವುದು. ಒಮ್ಮೆ ಲ್ಯಾಬ್‌ನಲ್ಲಿ ಒಬ್ಬ ಹುಡುಗಿ ಇದನ್ನೇ ರಿಕರ್ಶನ್‌ನಲ್ಲಿ ಬರೆದಿದ್ದಳು. ಎಣಿಕೆ ಮೂರಕ್ಕೆ ಬಂದ ಕೂಡಲೇ ಉತ್ತರ ಇಟ್ಟುಕೊಂಡು ರಿಟರ್ನ್. "ಸರ್, ಉತ್ತರ ಸರಿ ಬಂತು" ಅಂದಳು. ನಿಜ, ಸರಿಯಾಗಿಯೇ ಇತ್ತು. "ಒಂದು ಕೆಲಸ ಮಾಡಮ್ಮ, ಫಂಕ್ಷನ್ ಎಷ್ಟು ನೋಡ್ ಮುಟ್ಟುತ್ತೆ ಅಂತ ಎಣಿಸು" ಅಂದೆ. ಟ್ರೀಯಲ್ಲಿ ಬೇಕಾಬಿಟ್ಟಿ ಕ್ರಮದಲ್ಲಿ ಸೇರಿಸಿದ ಒಂದು ಲಕ್ಷ ಸಂಖ್ಯೆಗಳಿದ್ದವು. ಕೌಂಟರ್ ತೋರಿಸಿದ್ದೂ ಒಂದು ಲಕ್ಷ! ಬೇಕಾಗಿದ್ದದ್ದು ಮೂರನೆಯದು, ಸುತ್ತಿದ್ದು ಇಡೀ ಟ್ರೀ.

ಯಾಕೆ ಹೀಗಾಯ್ತು? ರಿಟರ್ನ್ ಅಂದರೆ ಆ ಒಂದು ಕರೆ ಮಾತ್ರ ಮುಗಿಯುತ್ತದೆ. ನಮ್ಮ ಹಾಳೆಯಲ್ಲೇ ನೋಡಿ. 40ರಲ್ಲಿ ರಿಟರ್ನ್ ಆದರೆ 30ಕ್ಕೆ ಬರುತ್ತೀರಿ, ಅಲ್ಲಿಂದ 50ಕ್ಕೆ. 50ಕ್ಕೆ ಉತ್ತರ ಸಿಕ್ಕಿದ್ದು ಗೊತ್ತೇ ಇಲ್ಲ. ಅದು ತನ್ನನ್ನು ನಾಲ್ಕನೆಯದು ಅಂತ ಎಣಿಸಿಕೊಂಡು ಬಲಕ್ಕೆ ಹೊರಡುತ್ತದೆ. ಉತ್ತರ ಕೆಡದಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆ ಹುಡುಗಿ ಒಂದೇ ಸಾಲು ಸೇರಿಸಿದಳು: ಎಡಭಾಗದ ಕರೆಯಿಂದ ವಾಪಸ್ ಬಂದ ಕೂಡಲೇ, ಉತ್ತರ ಸಿಕ್ಕಿದ್ದರೆ ಎಣಿಸದೆ ಹಾಗೇ ರಿಟರ್ನ್. ಮತ್ತೆ ಓಡಿಸಿದಾಗ ಕೌಂಟರ್ ಇಪ್ಪತ್ತೂ ದಾಟಲಿಲ್ಲ. ಲಕ್ಷ ಎಲ್ಲಿ, ಇಪ್ಪತ್ತು ಎಲ್ಲಿ! ದಯವಿಟ್ಟು ನಿಮ್ಮ ಪ್ರೋಗ್ರಾಂನಲ್ಲೂ ಒಂದು ಕೌಂಟರ್ ಇಟ್ಟು ನೋಡಿ. ಬರೀ ಉತ್ತರ ನೋಡಿ ಎದ್ದು ಹೋಗಬೇಡಿ.

ರಿಕರ್ಶನ್ ಬೇಡ ಅನ್ನುವವರು ಸ್ಟ್ಯಾಕ್ ಬಳಸಿ. ಎಡಕ್ಕೆ ಇಳಿಯುತ್ತಾ 50, 30, 20 ಪುಶ್ ಮಾಡಿ. 20 ಪಾಪ್, ಒಂದು. 30 ಪಾಪ್, ಎರಡು. ಅದರ ಬಲಕ್ಕಿರುವ 40 ಪುಶ್ ಮಾಡಿ ಪಾಪ್ ಮಾಡಿ, ಮೂರು. ಅಲ್ಲೇ ಲೂಪ್ ಬಿಟ್ಟು ಹೊರಗೆ ಬನ್ನಿ. 50 ಸ್ಟ್ಯಾಕ್‌ನಲ್ಲೇ ಉಳಿಯುತ್ತದೆ, ಉಳಿಯಲಿ. ಕೆಲಸ ಹೆಚ್ಚೆಂದರೆ ಟ್ರೀಯ ಎತ್ತರ ಮತ್ತು k ಕೂಡಿದಷ್ಟು. k ಅಂದರೆ ಎಷ್ಟನೆಯ ಚಿಕ್ಕ ಸಂಖ್ಯೆ ಬೇಕೋ ಅದು, ಇಲ್ಲಿ ಮೂರು.

ಸಮಯ ಆಗುತ್ತಾ ಬಂತು, ಇನ್ನೊಂದೇ ಮಾತು. ಇದೇ ಪ್ರಶ್ನೆಯನ್ನು ಬೇರೆ ಬೇರೆ k ಇಟ್ಟು ಪದೇ ಪದೇ ಕೇಳುವುದಿದ್ದರೆ, ತನ್ನ ಎಡಭಾಗದಲ್ಲಿ ಎಷ್ಟು ನೋಡ್ ಇವೆ ಅಂತ ಪ್ರತಿ ನೋಡ್‌ನಲ್ಲೂ ಬರೆದಿಡಿ. 50ರ ಎಡಕ್ಕೆ ಮೂರು ಇವೆ ಅಂತ ಗೊತ್ತಿದ್ದರೆ, ಐದನೆಯದನ್ನು ಹುಡುಕಲು ಆ ಮೂರನ್ನು ಮುಟ್ಟದೆ ನೇರ ಬಲಕ್ಕೆ ಹೋಗಿ, ಅಲ್ಲಿ ಮೊದಲನೆಯದನ್ನು ಕೇಳಿದರಾಯಿತು. 60 ಸಿಗುತ್ತದೆ. ನಮಸ್ಕಾರ.